ಸಣ್ಣ ವಾಲ್ವಿನ ಸೈಕಲ್

ಚಾಮರಾಜಪೇಟೆಯ ಅಚ್ಚುಕೂಟದಲ್ಲಿ ದಿನವಿಡೀ ಕರಡು ತಿದ್ದಿ ಹೊರಬಂದಾಗ ನನ್ನ ಸೈಕಲ್ಲಿನ ಎರಡು ಚಕ್ರಗಳಲ್ಲೂ ಗಾಳಿ ಕಡಿಮೆಯಾಗಿತ್ತು. ಫ್ರಾನ್ಸಿನಿಂದ ಬಂದ ಹಳೆಯ ಸೈಕಲ್ ಅದು. ಅದರ ವಾಲ್ವ್ ಪೆನ್ಸಿಲ್ಲಿಗಿಂತ ಸಣ್ಣದು. ಅಚ್ಚುಕೂಟದ ಎದುರು ಮನೆಯ ಮೋಟಾರು ಓಡಿಸುವವನು ನೋಡಿ ತನ್ನ ಪಂಪು ತಂದ.

"ಇದು ಕಾರಿನ ದಪ್ಪ ವಾಲ್ವಿಗೆ ಮಾಡಿದ್ದು ಸ್ವಾಮಿ, ನಿಮ್ಮದಕ್ಕೆ ಕೂರಲ್ಲ. ನಡುವೆ ಹಾಕೋ ಹಿತ್ತಾಳೆ ತುಂಡೊಂದಿದೆ, ಹುಡುಕಿ ತರ್ತೀನಿ, ಇರಿ" ಎಂದು ಒಳಗೆ ಹೋದ.

ಕಾಯುವ ತ್ರಾಣ ನನಗಿರಲಿಲ್ಲ. ಪಂಪಿನ ಬಾಯನ್ನು ಹಿಂದಿನ ಚಕ್ರದ ವಾಲ್ವಿಗೆ ಒತ್ತಿ ಅತ್ತಿತ್ತ ಅಲುಗಾಡಿಸಿದೆ. ವಾಲ್ವಿನ ತುದಿಯ ಸಣ್ಣ ಕಡ್ಡಿ ಬಾಗಿ ಮುರಿಯಿತು. ಇದ್ದ ಗಾಳಿಯೂ ಹೋಯಿತು.

ಅವನು ಬಂದು ನೋಡಿದ, ಬೈಯಲಿಲ್ಲ. ಮುಂದಿನ ಚಕ್ರದ ವಾಲ್ವಿನ ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಬುಸ್ಸೆನ್ನುವಂತೆ ಒಮ್ಮೆ ಒತ್ತಿ, ಹಿತ್ತಾಳೆ ತುಂಡನ್ನು ತಿರುಗಿಸಿ ಕೂರಿಸಿದ. ಪಂಪನ್ನು ನೇರವಾಗಿ ಜೋಡಿಸಿ, "ವಾಲ್ವು ವಾಲದ ಹಾಗೆ ಹಿಡ್ಕೊಳ್ಳಿ" ಎಂದ. ಗಾಳಿ ತುಂಬಿದ ಮೇಲೆ ತುಂಡನ್ನು ತೆಗೆದು ನಟ್ಟನ್ನು ಮತ್ತೆ ಬಿಗಿದ.

"ಹಿಂದಿನದಕ್ಕೆ ಹೊಸ ಟ್ಯೂಬೇ ಬೇಕು, ಸ್ವಾಮಿ."

ನಾಚಿಕೆಪಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಸೈಕಲ್ ತಳ್ಳಿಕೊಂಡು ಬಸವನಗುಡಿಯ ಮನೆಯವರೆಗೆ ನಡೆದೆ. ದಾರಿಯಲ್ಲಿ ಎರಡು ಸಲ ಕಟ್ಟೆಯ ಮೇಲೆ ಕುಳಿತೆ.