ವಾಚನಾಲಯದ ಇಳಿಜಾರು

ಏಕೀಕರಣವಾದ ಮರುವರ್ಷ ಲಕ್ಷ್ಮೇಶ್ವರದ ಧಾನ್ಯದ ವ್ಯಾಪಾರಿಗಳು ಸೇರಿ ಒಂದು ಸಣ್ಣ ವಾಚನಾಲಯ ಕಟ್ಟಿಸಿದರು. ಒಂದೇ ಕೋಣೆ, ನೆಲಗಟ್ಟು ಎರಡು ಅಡಿ ಎತ್ತರ. ನಕ್ಷೆ ಬರೆದವನು ನಾನು. ಓವರಸಿಯರ್ ಪರೀಕ್ಷೆ ಪಾಸಾಗಿ ಎರಡೇ ವರ್ಷವಾಗಿತ್ತು, ತಲೆಯಲ್ಲಿ ಬುದ್ಧಿಗಿಂತ ಗರ್ವವೇ ಹೆಚ್ಚು ತುಂಬಿತ್ತು.

ವಾಚನಾಲಯ ನೋಡಿಕೊಳ್ಳುವ ಕೆಲಸಕ್ಕೆ ಒಬ್ಬ ಮಾಜಿ ಸೈನಿಕ ಅರ್ಜಿ ಹಾಕಿದ್ದ. ಯುದ್ಧದಲ್ಲಿ ಸೊಂಟಕ್ಕೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ಹೋಗಿತ್ತು. ಪುಣೆಯ ದವಾಖಾನೆಯಿಂದ ತಂದ ಗಾಲಿಕುರ್ಚಿಯಲ್ಲಿ ಪೇಟೆಯೆಲ್ಲ ತಾನೇ ತಿರುಗುತ್ತಿದ್ದ. ಅವನ ಅಕ್ಷರಗಳು ಮುತ್ತಿನಂತಿದ್ದವು. ವ್ಯಾಪಾರಿಗಳ ಕಮಿಟಿಯ ಹಿರಿಯ ಸಾವಕಾರರು ಒಂದು ಷರತ್ತು ಹಾಕಿದರು: “ದಿನಾ ಮುಂಜಾನಿ ಯಾರ್ನೂ ಕರೀದs ತಾನs ಬಾಗಲಾ ತಗದು ಒಳಗ ಹೋಗಬೇಕು. ಹೋದ್ರ ಕೆಲಸ ಅವಂದs.”

ಪಾಯ ತೋಡುವಾಗ ಅವನು ನನ್ನ ಹತ್ತಿರ ಬಂದ. “ಸಾಹೇಬ್ರ, ದವಾಖಾನ್ಯಾಗ ಕಲತದ್ದು ಹೇಳ್ತೀನ್ರಿ. ಒಂದ್ ಫೂಟು ಏರಬೇಕಂದ್ರ ಹನ್ನೆರಡು ಫೂಟು ಉದ್ದ ಇಳಿಜಾರು ಬೇಕು. ಬಾಗಲದಾಗ ಖುಲ್ಲಾ ಜಾಗ ಮೂರು ಫೂಟು ಇರಲಿ. ಬಾಗಲ ಮುಂದ, ಒಳಗ, ಕುರ್ಚಿ ತಿರಗಾಕ ಐದೈದು ಫೂಟಿನ ಚೌಕ ಬೇಕ್ರಿ.”

“ಆತು, ಆತು, ನೋಡೂಣು,” ಎಂದೆ. ಮನಸ್ಸಿನಲ್ಲಿ ಮಾತ್ರ, ಪರೀಕ್ಷೆ ಪಾಸಾದವನು ನಾನೋ ಇವನೋ ಎಂದುಕೊಂಡೆ. ಎರಡು ಅಡಿಗೆ ಇಪ್ಪತ್ನಾಲ್ಕು ಅಡಿ! ಪಕ್ಕದ ಗೋಡೆಯ ಗುಂಟ ತಂದರೆ ಅಷ್ಟು ಜಾಗವೇನೋ ಇತ್ತು. ಆದರೆ ಆ ಕಡೆ ಕಟ್ಟೆ ಬರಬೇಕಾಗಿತ್ತು, ನನ್ನ ಚೆಂದದ ಮುಂಭಾಗ ಕೆಡುತ್ತಿತ್ತು. ಎದುರಿಗೇ ಎಂಟು ಅಡಿಯಲ್ಲಿ ಇಳಿಜಾರು ಮುಗಿಸಿದೆ. ಸಂಶಯ ಬರಲಿಲ್ಲವೆಂದಲ್ಲ. ಅದಕ್ಕೇ ಇಬ್ಬರು ಹಮಾಲರನ್ನು ಕರೆದು, ಜೋಳದ ಚೀಲ ಹೇರಿದ ಕೈಗಾಡಿಯನ್ನು ಅದರ ಮೇಲೆ ತಳ್ಳಿಸಿದೆ. ಸರ್ರನೆ ಏರಿತು. ಪೇಟೆಯ ಅಂಗಡಿಗಳಿಗೆಲ್ಲ ಇಳಿಜಾರು ಪರೀಕ್ಷಿಸುವ ರೀತಿ ಅದೇ. ಇಬ್ಬರು ನೆಲಕ್ಕೆ ಕಾಲೊತ್ತಿ ಹಿಂದಿನಿಂದ ತಳ್ಳುವುದು ಬೇರೆ, ಕುಳಿತವನು ತನ್ನೆರಡು ಕೈಯಿಂದ ಗಾಲಿ ತಿರುಗಿಸುವುದು ಬೇರೆ. ಅಷ್ಟು ಸಾದಾ ಸಂಗತಿ ನನಗೆ ಹೊಳೆಯಲಿಲ್ಲ.

ಅವನ ಪರೀಕ್ಷೆಯ ದಿನ ಇಡೀ ಕಮಿಟಿ ಬಂದು ನಿಂತಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮೊದಲ ಸಲ ಅರ್ಧ ಏರಿ ಹಿಂದಕ್ಕೆ ಜಾರಿದ. ಎರಡನೆಯ ಸಲ ಮುಂದಿನ ಗಾಲಿಗಳು ಮೇಲೆದ್ದು ಕುರ್ಚಿ ಹಿಂದಕ್ಕೆ ವಾಲಿತು, ಹಮಾಲನೊಬ್ಬ ಹಿಡಿದುಕೊಂಡು ಮೇಲಕ್ಕೆ ತಳ್ಳಿದ. ಮೇಲೆ ಮೂರೇ ಅಡಿ ಜಾಗ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ತೆರೆಯಲು ಕುರ್ಚಿ ಹಿಂದೆ ಸರಿಯಬೇಕು, ಹಿಂದೆ ಬರೀ ಇಳಿಜಾರು. ಹಮಾಲನೇ ಬಾಗಿಲು ತೆಗೆದ. ಬಾಗಿಲನ್ನು ನಾನು ಮೂರು ಅಡಿಯೆಂದೇ ಬರೆದಿದ್ದೆ, ಆದರೆ ಅದು ಚೌಕಟ್ಟಿನ ಹೊರಗಿನ ಅಳತೆ. ಎರಡು ಕಡೆಯ ನಾಲ್ಕು ನಾಲ್ಕು ಇಂಚಿನ ಕಟ್ಟಿಗೆ ಕಳೆದರೆ ಉಳಿದದ್ದು ಇಪ್ಪತ್ತೆಂಟು ಇಂಚು, ಕುರ್ಚಿಯ ಅಗಲ ಇಪ್ಪತ್ತೇಳು. ಅವನ ಬೆರಳ ಗೆಣ್ಣುಗಳು ಎರಡೂ ಕಡೆ ಸುಲಿದು ರಕ್ತ ಬಂತು. ಒಳಗೆ ಮೇಜಿಗೂ ಕಪಾಟಿಗೂ ನಡುವೆ ತಿರುಗಲಾಗದೆ, ಹೋದಂತೆಯೇ ಹಿಂದುಹಿಂದಕ್ಕೆ ಹೊರಗೆ ಬಂದ.

ಸಾವಕಾರರು ನನ್ನತ್ತ ತಿರುಗಿದರು. “ಓವರಸಿಯರ್ ಸಾಹೇಬ್ರ, ನಿಮ್ಮ ಇಳಿಜಾರು ಬರೋಬ್ಬರಿ ಐತಿಲ್ಲೋ?”

“ಐತ್ರಿ. ಎಲ್ಲಾ ಲೆಕ್ಕದ ಪ್ರಕಾರನs ಐತಿ,” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತನ್ನ ಸುಲಿದ ಕೈಗಳನ್ನು ನೋಡಿಕೊಂಡ. ಆ ವಾರವೇ ಕೆಲಸ ಬೇರೊಬ್ಬನಿಗೆ ಹೋಯಿತು. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆಮೇಲೆ ಪೇಟೆಯಲ್ಲಿ ಗಾಲಿಕುರ್ಚಿ ಕಾಣಲಿಲ್ಲ. ಒಂದು ತಿಂಗಳು ಕಳೆದ ಮೇಲೆ ತಡೆಯಲಾರದೆ ಅವನ ಮನೆಗೆ ಹೋದೆ. ಅವನ ತಾಯಿ ಬಾಗಿಲು ತೆರೆದು ಅಡಿಗೆಮನೆಗೆ ಹೋದಳು. ಕುರ್ಚಿ ಮೂಲೆಯಲ್ಲಿತ್ತು, ಅದರ ಮೇಲೆ ಒಗೆದ ಬಟ್ಟೆ ಪೇರಿಸಿದ್ದರು. ಅವನು ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ.

“ಬರ್ರಿ ಸಾಹೇಬ್ರ, ಕುಂಡ್ರಿ,” ಎಂದ. ಯಾಕೆ ಹೊರಗೆ ಬರುತ್ತಿಲ್ಲವೆಂದು ಕೇಳಿದೆ.

“ಏನ್ ಬರೂದ್ರಿ. ನಾ ಹೇಳಿದ ಅಳತಿಗೆ ನೀವು ಕಟ್ಟೀರಿ. ನೋಡಾಕ ಗಿಡ್ಡ ಅನಸಿದ್ರೂ, ಓದಿದವ್ರು ನೀವು, ಲೆಕ್ಕಾ ಬರೋಬ್ಬರಿ ಐತಿ ಅಂತ ಎಲ್ಲಾರ ಮುಂದ ಅಂದ್ರಿ. ಅಂದ ಮ್ಯಾಲೆ ನನ್ನ ತೋಳs ಸೋತಾವು. ಕಾಲು ಹ್ವಾದಂಗ ಕೈನೂ ಹೊಂಟಾವು ಅಂತ ತಿಳಕೊಂಡೆ.”

ನಾಚಿಕೆಯಿಂದ ಕುಗ್ಗಿಹೋದೆ. ತಲೆ ತಗ್ಗಿಸಿಯೇ ಎಲ್ಲ ಹೇಳಿದೆ. ಎರಡು ಅಡಿಗೆ ಎಂಟೇ ಅಡಿ ಇಟ್ಟದ್ದು, ಬಾಗಿಲು, ಮೇಲಿನ ಜಾಗ, ಸಾವಕಾರರ ಮುಂದೆ ಆಡಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಬೈದಾನು, ಹೊಡೆದಾನು ಎಂದು ಕಾಯುತ್ತಿದ್ದೆ. ಹೊಡೆದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಅವನು ಅಂಗಿಯ ತೋಳು ಮೇಲೇರಿಸಿ ತನ್ನ ಕೈಗಳನ್ನು ಹಿಂದೆ ಮುಂದೆ ಮಾಡಿ ನೋಡಿಕೊಂಡ. ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಚಿಕ್ಕ ಹುಡುಗನ ಹಾಗೆ ಕೂಗಿದ:

“ಅವ್ವಾ, ಕೇಳಿದೇನು? ನನ್ನ ಕೈಗೆ ಏನೂ ಆಗಿಲ್ಲಂತ!”