ಸುಮಾಳ ಶೀಟಿಗೆ ಬಂದ ಅಧಿಕ ಮಾಸ

ಗೋವಿಂದರಾಜನಗರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಸುಮಾ ಒಂಬತ್ತು ವರ್ಷದಿಂದ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ತುದಿಯ ಬಿಡಿ ನೂಲುಗಳನ್ನು ಹಿಡಿ ಹಿಡಿಯಾಗಿ ಕೂಡಿಸಿ, ಬಣ್ಣದ ರೇಷ್ಮೆ ದಾರ ಸುತ್ತಿ, ಮಣಿ ಪೋಣಿಸಿ ಗಂಟು ಹಾಕುವ ಕೆಲಸ. ಮೊದಲು ಅಕ್ಕಪಕ್ಕದವರಷ್ಟೇ ಸೀರೆ ತರುತ್ತಿದ್ದರು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕತೊಡಗಿದ ಮೇಲೆ ಬಸವೇಶ್ವರನಗರ, ಕೆಂಗೇರಿ ಕಡೆಯಿಂದಲೂ ಬರತೊಡಗಿದರು. ಕೆಲಸ ಒಬ್ಬಳ ಕೈಯಲ್ಲಿ ಆಗದಾದಾಗ ಬಾಗಲಕೋಟೆ ಕಡೆಯ ಕಸ್ತೂರೆವ್ವ ಜೊತೆಗೂಡಿದಳು. ಕಸ್ತೂರೆವ್ವನ ಗಂಡ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವನು. ಅವಳ ಗಂಟು ಸುಮಾಳ ಗಂಟಿಗಿಂತ ಬಿಗಿ.

ಕುಚ್ಚು ಕಟ್ಟುವುದು ಸುಮಾಳಿಗೆ ಎಂದೂ ಭಾರ ಎನಿಸಿರಲಿಲ್ಲ. ಭಾರವಾದದ್ದು ಪೋಸ್ಟು. ಇವತ್ತು ಏನು ಹಾಕಲಿ ಎಂಬ ಚಿಂತೆ ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತಿತ್ತು. ಹಬ್ಬದ ದಿನವೇ ಹಬ್ಬದ ಪೋಸ್ಟು ಹಾಕುತ್ತಿದ್ದಳು. ಅಷ್ಟೊತ್ತಿಗೆ ಜನ ಸೀರೆ ಉಟ್ಟು ಪೂಜೆಗೆ ಕೂತಿರುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ, ವಿಜಯನಗರದಲ್ಲಿ ಸಣ್ಣ ವ್ಯಾಪಾರದ ಹೆಂಗಸರಿಗೆಂದು ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದಳು. ಅಲ್ಲಿ ಹೇಳಿಕೊಟ್ಟಂತೆ ಫೋನಿನಲ್ಲೇ ಒಂದು ಶೀಟು ಮಾಡಿದಳು. ಸೋಮವಾರ ಹೊಸ ಡಿಸೈನು, ಬುಧವಾರ ಕುಚ್ಚು ಕಟ್ಟುವ ಸಣ್ಣ ವಿಡಿಯೊ, ಶುಕ್ರವಾರ ಗಿರಾಕಿ ಉಟ್ಟ ಸೀರೆ. ಭಾನುವಾರ ಬೆಳಿಗ್ಗೆ ಟೆರೇಸಿನ ಬೆಳಕಿನಲ್ಲಿ ಫೋಟೋ. ಮಂಗಳವಾರ ಮುಂದಿನ ವಾರದ ಮೂರೂ ಪೋಸ್ಟುಗಳನ್ನು ಬರೆದು, ಮಧ್ಯಾಹ್ನ ಒಂದಕ್ಕೆ ತಾವೇ ಹೋಗುವಂತೆ ಸಮಯ ಇಟ್ಟುಬಿಡುವುದು. ಹಬ್ಬಗಳಿಗೆ ಮಾತ್ರ ಹಿಂದಿನಿಂದ ಲೆಕ್ಕ. ಹಬ್ಬಕ್ಕೆ ನಲವತ್ತೈದು ದಿನ ಇರುವಾಗ 'ಸೀರೆ ಕೊಡಬಹುದು', ಹತ್ತು ದಿನ ಇರುವಾಗ 'ಇನ್ನು ತಗೊಳ್ಳಲ್ಲ'. ಹಬ್ಬದ ದಿನ ಬರೀ ಶುಭಾಶಯ.

ಹಬ್ಬದ ತಾರೀಖುಗಳನ್ನು ತುಂಬುವಾಗ ಅವಳು ಒಂದು ಜಾಣತನ ಮಾಡಿದಳು. ಹೋದ ವರ್ಷದ ಯುಗಾದಿ ಮಾರ್ಚ್ ಮೂವತ್ತಕ್ಕೆ ಬಂದಿತ್ತು, ಈ ವರ್ಷ ಹತ್ತೊಂಬತ್ತಕ್ಕೆ. ಹನ್ನೊಂದು ದಿನ ಹಿಂದೆ. ಹಾಗಾದರೆ ಎಲ್ಲವೂ ಹನ್ನೊಂದು ದಿನ ಹಿಂದೆ ಎಂದುಕೊಂಡು ಹೋದ ವರ್ಷದ ತಾರೀಖುಗಳಿಂದ ಹನ್ನೊಂದು ಕಳೆಯುತ್ತ ಹೋದಳು. ವರಮಹಾಲಕ್ಷ್ಮಿ ಶುಕ್ರವಾರವೇ ಆಗಬೇಕಾದ್ದರಿಂದ ಜುಲೈ ಕೊನೆಯ ಶುಕ್ರವಾರಕ್ಕೆ ಬಂತು, ಗಣೇಶನ ಹಬ್ಬ ಆಗಸ್ಟ್ ಹದಿನಾರಕ್ಕೆ.

ಮೇ ತಿಂಗಳಲ್ಲಿ ಎರಡು ತೊಂದರೆ ಒಟ್ಟಿಗೆ ಬಂದವು. ಬಲಗೈ ಬೆರಳುಗಳು ಮರಗಟ್ಟಿ ಸೂಜಿ ಜಾರತೊಡಗಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್ ಆಗಬೇಕು, ಆಮೇಲೆ ನಾಲ್ಕು ವಾರ ಸೂಜಿ ಮುಟ್ಟಬಾರದು ಎಂದರು ಡಾಕ್ಟರು. ಸುಮಾ ಶೀಟು ತೆಗೆದು ನೋಡಿದಳು. ನಾಲ್ಕು ವಾರದ ಬಿಡುವು ಎಲ್ಲೂ ಇರಲಿಲ್ಲ. ಗಣೇಶ ಕಳೀಲಿ ಎಂದು ಮುಂದೂಡಿದಳು. ಇನ್ನೊಂದು ಕಡೆ, ಮೇ ಮೂರನೆಯ ವಾರದಿಂದ ಸೀರೆ ಬರುವುದೇ ನಿಂತಿತು. 'ಮದುವೆ ಸೀರೆಗಳ ವಾರ' ಎಂದು ಹಾಕಿದ ಪೋಸ್ಟಿಗೆ ಒಬ್ಬರೂ ಫೋನು ಮಾಡಲಿಲ್ಲ. ತಾನು ಹಾಕುವುದು ಯಾರಿಗೂ ಬೇಡವಾಗಿದೆ ಎಂದೇ ಅವಳಿಗೆ ಅನಿಸಿತು. ಗಂಡ ಮೋಹನ್ ಕುಮಾರ್ ನಾಯಂಡಹಳ್ಳಿಯ ಗೋಡೌನಿನಲ್ಲಿ ಸೂಪರ್‌ವೈಸರ್. "ಎರಡು ವಾರ ಪೋಸ್ಟು ಬಿಟ್ಟುಬಿಡು ಸುಮಾ, ಕೈ ನೋಡ್ಕೋ" ಎಂದ. ಅವಳು ಕೇಳಲಿಲ್ಲ.

ಮೇ ಇಪ್ಪತ್ತಾರು, ಮಂಗಳವಾರ. ಬರೆಯುವ ದಿನ. ಸುಮಾ ಎಡಗೈಯಲ್ಲಿ ಫೋನು ಹಿಡಿದು, ಜೂನ್ ನಡುವಿನಲ್ಲಿ ಹೋಗಬೇಕಾದ ಪೋಸ್ಟನ್ನೂ ಈಗಲೇ ಬರೆದಿಡೋಣವೆಂದು 'ವರಮಹಾಲಕ್ಷ್ಮಿಗೆ ಸೀರೆ ಕೊಡಲು' ಎಂದು ಶುರುಮಾಡಿ ಅಲ್ಲೇ ನಿಂತಿದ್ದಳು. ಎದುರಿಗೆ ಕೂತು ದಾರ ಸುತ್ತುತ್ತಿದ್ದ ಕಸ್ತೂರೆವ್ವ ತಲೆಯೆತ್ತಿದಳು.

"ಅಕ್ಕಾರ, ಮುಂದಿನ ವಾರ ನಾಕ ದಿನ ರಜಾ ಬೇಕಾಗಿತ್ರಿ. ಊರಿಗೆ ಹೋಗಿ ಬರ್ತೀನ್ರಿ."

ಸುಮಾ ಫೋನು ಕೆಳಗಿಟ್ಟಳು. "ಈಗಲೇನಾ ಕಸ್ತೂರೆವ್ವ? ಜೂನ್ ಬಂತು. ಇನ್ನೇನು ಶ್ರಾವಣದ ಸೀರೆ ಬರೋಕೆ ಶುರುವಾಗುತ್ತೆ. ನನ್ನ ಕೈ ಬೇರೆ ಹಿಂಗಾಗಿದೆ."

"ಶ್ರಾವಣ ಎಲ್ಲೈತ್ರಿ ಅಕ್ಕಾರ?" ಕಸ್ತೂರೆವ್ವ ನಿಜಕ್ಕೂ ಅಚ್ಚರಿಯಿಂದ ಕೇಳಿದಳು. "ಇನ್ನಾ ಅಧಿಕ ಮಾಸನ ಮುಗದಿಲ್ಲ. ಈ ಸಲ ಎರಡು ಜ್ಯೇಷ್ಠ ಅಲ್ರಿ? ಮಗಳಿಗೂ ಅಳಿಯಗೂ ಬಾಗಿನಾ ಕೊಡಬೇಕು, ಅದಕ್ಕ ಹೊಂಟೀನಿ. ಮೂರು ವರ್ಷಕ್ಕೊಮ್ಮೆ ಬರೂದು."

"ಎರಡು ಜ್ಯೇಷ್ಠಾನಾ?"

"ಹೌದ್ರಿ. ಅದಕ್ಕ ಮದುವಿನೂ ಇಲ್ಲ. ಅಧಿಕದಾಗ ಮದುವಿ ಯಾರ ಮಾಡ್ತಾರ್ರಿ?"

ಅಧಿಕ ಮಾಸ ಎಂಬ ಮಾತು ಸುಮಾಳಿಗೆ ಹೊಸದಲ್ಲ. ಟಿವಿಯಲ್ಲಿ ದಿನಾ ಬೆಳಿಗ್ಗೆ ಹೇಳುತ್ತಲೇ ಇದ್ದರು. ಅದಕ್ಕೂ ತನ್ನ ಶೀಟಿಗೂ ಏನೋ ನಂಟಿದೆ ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ತಂದಳು. ಇಬ್ಬರೂ ನೆಲದ ಮೇಲೆ ಕೂತು ಹಾಳೆ ತಿರುಗಿಸಿದರು. ಭೀಮನ ಅಮಾವಾಸ್ಯೆ ಆಗಸ್ಟ್ ಹನ್ನೆರಡು. ವರಮಹಾಲಕ್ಷ್ಮಿ ಆಗಸ್ಟ್ ಮುಗಿಯುವ ಹೊತ್ತಿಗೆ. ಗಣೇಶ ಸೆಪ್ಟೆಂಬರ್ ಹದಿನಾಲ್ಕು. ಶೀಟಿನ ಲೆಕ್ಕಕ್ಕಿಂತ ಎಲ್ಲವೂ ಸುಮಾರು ಒಂದು ತಿಂಗಳು ಮುಂದೆ.

"ಅಯ್ಯೋ ದೇವರೇ," ಎಂದಳು ಸುಮಾ. ಆಮೇಲೆ ನಗು ಬಂತು. ನಗುತ್ತ ನಗುತ್ತ ಕಣ್ಣೂ ತುಂಬಿತು. ಕಸ್ತೂರೆವ್ವ ಗಾಬರಿಯಾಗಿ, "ರಜಾ ಬ್ಯಾಡಂದ್ರ ಬಿಡ್ರಿ ಅಕ್ಕಾರ" ಎಂದಳು.

"ನೀನು ನಾಲ್ಕಲ್ಲ, ಆರು ದಿನ ಹೋಗಿ ಬಾ. ನಾನೂ ಆಸ್ಪತ್ರೆಗೆ ಹೋಗ್ತೀನಿ."

ಅಂದೇ ಫೋನು ಮಾಡಿ ಜೂನ್ ಮೂರಕ್ಕೆ ಆಪರೇಷನ್ ಗೊತ್ತುಮಾಡಿದಳು. ಬುಧವಾರಕ್ಕೂ ಶುಕ್ರವಾರಕ್ಕೂ ಸಮಯ ಇಟ್ಟಿದ್ದ ಮದುವೆ ಸೀರೆಯ ಪೋಸ್ಟುಗಳನ್ನು ಅಳಿಸದೆ ಡ್ರಾಫ್ಟಿಗೆ ಎತ್ತಿಟ್ಟಳು. ಜೂನ್ ಮಧ್ಯದಲ್ಲಿ ಅಧಿಕ ಮುಗಿದ ಮೇಲೆ ಮತ್ತೆ ಮದುವೆಗಳು ಶುರುವಾಗುತ್ತವೆ, ಆಗ ಬೇಕಾಗುತ್ತವೆ. ಬುಧವಾರಕ್ಕೆ ಏನು ಹಾಕುವುದು ಎಂಬ ಪ್ರಶ್ನೆಗೆ ಉತ್ತರ ಕಸ್ತೂರೆವ್ವನ ಮಡಿಲಲ್ಲೇ ಇತ್ತು. ಅವಳು ಕುಚ್ಚು ಕಟ್ಟುತ್ತಿದ್ದದ್ದು ಬಾಗಿನದ ಜೊತೆ ಮಗಳಿಗೆ ಕೊಡಬೇಕಾದ ಇಳಕಲ್ ಸೀರೆಗೆ. ಆ ಬೆರಳುಗಳ ವಿಡಿಯೊ ತೆಗೆದು, 'ಮಗಳಿಗೆ ಅಧಿಕ ಮಾಸದ ಸೀರೆ ಕೊಡ್ತಿದ್ದೀರಾ? ಆರೇ ಸೀರೆ ತಗೊಳ್ತೀವಿ' ಎಂದು ಬರೆದಳು. ಗುರುವಾರ ಸಂಜೆಯೊಳಗೆ ನಾಲ್ಕು ಸೀರೆ ಬಂದವು. ಅಷ್ಟನ್ನೂ ಕಸ್ತೂರೆವ್ವ ಊರಿಗೆ ಹೊರಡುವ ಮೊದಲೇ ಮುಗಿಸಿದಳು.

ಭಾನುವಾರ ಮೋಹನ್ ಕುಮಾರ್ ಕ್ಯಾಲೆಂಡರ್ ಹಿಡಿದು ಕೂತ. ಅವನು ಓದಿದ, ಅವಳು ಎಡಗೈಯಲ್ಲಿ ತಿದ್ದಿದಳು.

"ಆಗಸ್ಟ್ ಹದಿನೈದು?"

"ಅದು ಎಲ್ಲಿಗೂ ಹೋಗಲ್ಲ ಬಿಡ್ರೀ. ನವೆಂಬರ್ ಒಂದೂ ಅಷ್ಟೇ."

ತಿಥಿಯ ಹಬ್ಬಗಳಿಗೆಲ್ಲ ಹಳದಿ ಬಣ್ಣ ಹಚ್ಚಿ, ಪಕ್ಕದಲ್ಲಿ 'ಪಂಚಾಂಗ ನೋಡಿದ್ದೇನೆ' ಎಂಬ ಹೊಸ ಸಾಲು ಸೇರಿಸಿದಳು. 'ಸೀರೆ ಕೊಡಬಹುದು' ಎಂಬ ಪೋಸ್ಟು ಜುಲೈಗೆ ಸರಿಯಿತು. ಅಷ್ಟರಲ್ಲಿ ಕೈ ವಾಸಿಯಾಗಿರುತ್ತದೆ.

ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ಮನೆಯಲ್ಲಿ ಮಲಗಿದಳು. ಹೇಳಿದ್ದನ್ನು ಫೋನೇ ಬರೆದುಕೊಳ್ಳುವಂತೆ ಮಾಡಿ ದಿನಕ್ಕೆ ಎರಡೋ ಮೂರೋ ಪೋಸ್ಟು ಸಿದ್ಧಮಾಡಿದಳು. 'ಕುಚ್ಚು' ಎಂದರೆ ಅದು 'ಹುಚ್ಚು' ಎಂದು ಬರೆಯುತ್ತಿತ್ತು. ತಿದ್ದುವುದೇ ಒಂದು ತಮಾಷೆಯಾಯಿತು. ಎರಡನೆಯ ವಾರಕ್ಕೆ ಜುಲೈ ಕೊನೆಯವರೆಗಿನ ಪೋಸ್ಟುಗಳೆಲ್ಲ ಸಾಲಾಗಿ ಕೂತಿದ್ದವು.

ಒಂದು ಸೋಮವಾರ ಊಟ ಮಾಡಿ ಸುಮ್ಮನೆ ಒರಗಿದವಳಿಗೆ ನಿದ್ದೆ ಹತ್ತಿತು. ಎದ್ದಾಗ ನಾಲ್ಕು ಗಂಟೆ. ಊರಿಂದ ಬಂದಿದ್ದ ಕಸ್ತೂರೆವ್ವ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದಳು.

"ಹೊಸಾ ಡಿಸೈನಿಂದು ಬಂದೈತಲ್ರಿ ಫೋನಿನ್ಯಾಗ. ನನ್ನ ಮಗಳು ಅಲ್ಲಿಂದ ನೋಡಿ ಹೇಳಿದ್ಲು. ಯಾವಾಗ ಹಾಕಿದ್ರಿ?"

ಒಂದು ಗಂಟೆಗೆ ತಾನೇ ಹೋಗುವಂತೆ ಇಟ್ಟಿದ್ದ ಆ ಪೋಸ್ಟು ಇವತ್ತಿನದು ಎಂಬುದೇ ಸುಮಾಳಿಗೆ ಮರೆತುಹೋಗಿತ್ತು. ಫೋನು ಎಲ್ಲಿಟ್ಟಿದ್ದೇನೆಂದೂ ತಟ್ಟನೆ ನೆನಪಾಗಲಿಲ್ಲ. ಹುಡುಕಲು ಏಳದೆ, "ಚಹಾಕ್ಕೆ ಸ್ವಲ್ಪ ಶುಂಠಿ ಹಾಕು ಕಸ್ತೂರೆವ್ವ" ಎಂದಳು.