ಎಷ್ಟು ಸಲ ಎಣಿಸಿದರೂ ಸೊನ್ನೆ

ಬನಶಂಕರಿಯ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ಗಣಿತ ಹೇಳುವ ನನಗೆ ಒಂದು ಜಂಬವಿತ್ತು. ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವವಳಲ್ಲ, ಮಕ್ಕಳೇ ಕಂಡುಹಿಡಿಯಬೇಕು. ಆವತ್ತು ಎಲ್ಲರೂ ಮನೆಯಲ್ಲಿ ರಟ್ಟಿನ ಆಕೃತಿ ಮಾಡಿ ತಂದಿದ್ದರು. ಅದರ ಮೂಲೆ, ಅಂಚು, ಮುಖ ಎಣಿಸಿ ಗೋಡೆಯ ಚಾರ್ಟಿನಲ್ಲಿ ಬರೆಯಬೇಕಿತ್ತು. ಡಬ್ಬಿಗೆ ಎಂಟು, ಹನ್ನೆರಡು, ಆರು. ಚೌಕ ತಳದ ಪಿರಮಿಡ್ಡಿಗೆ ಐದು, ಎಂಟು, ಐದು. "ಮೂಲೆಗೆ ಮುಖ ಕೂಡಿಸಿ ಅಂಚು ಕಳೆದ್ರೆ ಎಲ್ಲದಕ್ಕೂ ಎರಡೇ ಮಿಸ್!" ಎಂದು ಹಿಂದಿನ ಬೆಂಚು ಕೂಗಿತು. ನಾನು ಹಿಗ್ಗಿ ಹೀರೇಕಾಯಿ ಆದೆ.

"ನಂದು ಸೊನ್ನೆ ಬರುತ್ತೆ ಮಿಸ್" ಎಂದಳು ಒಬ್ಬ ಹುಡುಗಿ. ಅವಳಪ್ಪನಿಗೆ ಚಿಕ್ಕಲಸಂದ್ರದಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಕತ್ತರಿಸುವ ಹಾಗೇ ನಾಲ್ಕು ಮೂಲೆಯಲ್ಲೂ ಓರೆಯಾಗಿ ಕತ್ತರಿಸಿ ಜೋಡಿಸಿ, ಹಿಂದೂ ಮುಂದೂ ಒಳಕ್ಕೆ ಇಳಿಜಾರಾಗುವಂತೆ ರಟ್ಟಿನ ಚೌಕಟ್ಟು ಮಾಡಿದ್ದಳು.

"ಸರಿಯಾಗಿ ಎಣಿಸು" ಎಂದು ಗದರಿದೆ. ಎಣಿಸಿದಳು. ಹದಿನಾರು ಮೂಲೆ, ಮೂವತ್ತೆರಡು ಅಂಚು, ಹದಿನಾರು ಮುಖ. ಕಿತ್ತುಕೊಂಡು ನಾನೇ ಎಣಿಸಿದೆ. ಅಷ್ಟೇ ಬಂತು. ಪೆನ್ಸಿಲ್ಲಿನಿಂದ ಗುರುತು ಹಾಕಿ ಮತ್ತೆ ಎಣಿಸಿದೆ. ಅಯ್ಯೋ ಶಿವನೇ, ಸೊನ್ನೆಯೇ! ತಲೆ ಕೆಟ್ಟು ಮೊಸರುಗಡಿಗೆಯಾಯಿತು. ನಲವತ್ತು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಬೆಲ್ ಹೊಡೆಯಿತು.

"ಎಲ್ಲೋ ತಪ್ಪಿದ್ದೀಯ. ನಾಳೆ ಸರಿ ಮಾಡು" ಎಂದುಬಿಟ್ಟೆ.

ಮರುದಿನ ಚಾರ್ಟು ನೋಡಿದರೆ ಅವಳ ಸಾಲಿನಲ್ಲಿ ಹದಿನಾರು ಹೋಗಿ ಹದಿನೆಂಟು ಮೂಲೆ ಬಂದಿತ್ತು. ಉತ್ತರ ಎರಡು.

"ಇನ್ನೆರಡು ಮೂಲೆ ಎಲ್ಲಿವೆಯೇ?"

"ಇಲ್ಲ ಮಿಸ್. ಎರಡು ಬರ್ಬೇಕಲ್ಲ, ಅದಕ್ಕೆ ಹಾಕ್ದೆ."

ನನಗೆ ನಾಚಿಕೆಯಾಯಿತು. ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದು ವರ್ಷವಿಡೀ ಬಾಯಿ ಬಡಿದುಕೊಂಡವಳು ನಾನೇ. ಹದಿನೆಂಟನ್ನು ಹೊಡೆದುಹಾಕಿ ಹದಿನಾರು ಬರೆದೆ, ಮುಂದೆ ಸೊನ್ನೆ ಬರೆದೆ. "ಯಾಕೆ ಹೀಗೆ ಅಂತ ನಂಗೂ ಗೊತ್ತಿಲ್ಲ ಕಣ್ರೋ" ಎಂದು ಕ್ಲಾಸಿಗೇ ಹೇಳಿದೆ. ಎಲ್ಲ ಆಕೃತಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಹುಡುಗಿ ಒಂದೊಂದನ್ನೇ ತಿರುಗಿಸಿ ನೋಡಿದಳು. ಕೊನೆಗೆ ತನ್ನದರೊಳಗೆ ಕೈ ತೂರಿಸಿದಳು.

"ಇದೊಂದಕ್ಕೇ ಮಿಸ್ ಈ ಕಡೆಯಿಂದ ಆ ಕಡೆಗೆ ತೂತಿರೋದು. ಅದಕ್ಕೇ ಇರ್ಬೋದಾ?"

ಅದಕ್ಕೇ. ತೂತಿಲ್ಲದ ಆಕೃತಿಗೆ ಮಾತ್ರ ಎರಡು ಎಂದು ನಾನು ಯಾವತ್ತೂ ಹೇಳಿರಲಿಲ್ಲ, ಯೋಚಿಸಿಯೂ ಇರಲಿಲ್ಲ. "ಭೇಷ್!" ಎಂದೆ. ಅವಳು ನಗಲಿಲ್ಲ.

"ಹಾಗಾದ್ರೆ ನಿನ್ನೇನೂ ನಂದು ಸರಿಯಾಗೇ ಇತ್ತಾ ಮಿಸ್?"

"ಇತ್ತು ಪುಟ್ಟಾ."

"ನೀವೂ ಎಣಿಸಿದ್ರಲ್ಲ" ಎಂದಳು.